ಸೋಸಿದ ಮಾತು

ಮೋನಪ್ಪ ಬಂಗೇರರಿಗೆ ಪಾರ್ಶ್ವವಾಯು ಬಡಿದಾಗ ಬಲಗೈ ಹೋಯಿತು, ಜೊತೆಗೆ ಇಂಗ್ಲಿಷೂ ಹೋಯಿತು. ಕೈ ಆಮೇಲೆ ಒಂದಿಷ್ಟು ಮರಳಿ ಬಂತು, ಇಂಗ್ಲಿಷ್ ಬರಲಿಲ್ಲ. ಅಕ್ಷರಗಳು ಕಾಣುತ್ತವೆ, ಒಂದೊಂದರ ಹೆಸರೂ ಗೊತ್ತು, ಆದರೆ ಸಾಲಾಗಿ ನಿಂತರೆ ಅರ್ಥ ಕೊಡುವುದಿಲ್ಲ. ಹೀಗೂ ಆಗುತ್ತದೆ, ಕಲಿತ ಭಾಷೆ ಹೋಗಿ ತೊಟ್ಟಿಲಲ್ಲಿ ಕೇಳಿದ್ದು ಉಳಿಯುವುದುಂಟು ಎಂದು ಡಾಕ್ಟರು ಹೇಳಿದರು. ಬಂಗೇರರಿಗೆ ಉಳಿದದ್ದು ತುಳು, ಕನ್ನಡ ಮತ್ತು ಲೆಕ್ಕ. "ಇಂಗ್ಲಿಷ್ ಬಾಡಿಗೆಗೆ ಇತ್ತು, ಖಾಲಿ ಮಾಡಿ ಹೋಯ್ತು. ಲೆಕ್ಕ ಸ್ವಂತದ್ದು" ಎಂದು ಅವರೇ ಎಲ್ಲರಿಗೂ ಹೇಳಿ ನಗುತ್ತಿದ್ದರು. ಮುಚ್ಚಿಡುವ ಬುದ್ಧಿ ಅವರಿಗಿರಲಿಲ್ಲ.

ಮುಚ್ಚಿಟ್ಟಿದ್ದರೂ ನಡೆಯುತ್ತಿತ್ತೋ ಏನೋ. ಅವರ ಗಿರಾಕಿಗಳು ಮುಂಬೈಯಲ್ಲಿ ಹೋಟೆಲು ಇಟ್ಟವರು, ಮಾರಿದವರು, ನಿವೃತ್ತಿಯಾದ ಬ್ಯಾಂಕಿನವರು. ಫೋರ್ಟಿನ ಬೋರಾ ಬಜಾರಿನ ಮೂರನೇ ಮಹಡಿಯ ಬಂಗೇರರ ಕೋಣೆಯಿಂದ, ಚಂದಾ ಕಟ್ಟಿದ ಅವರಿಗೆ ಮೊದಲಿನಿಂದಲೂ ಕನ್ನಡದಲ್ಲೇ ಷೇರುಗಳ ಟಿಪ್ಪಣಿ ಹೋಗುತ್ತಿತ್ತು: ಇಂಥ ಕಂಪನಿ, ಇಂಥ ಫಲಿತಾಂಶ, ಕೊಳ್ಳಿ, ಇಟ್ಟುಕೊಳ್ಳಿ, ಬಿಡಿ. ಮೊದಲು ಬಂಗೇರರು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದರು, ಮುಕ್ತಾ ದೇವಾಡಿಗ ಟೈಪ್ ಮಾಡುತ್ತಿದ್ದಳು. ಈಗ ಮುಕ್ತಾ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಾಳೆ, ಬಂಗೇರರು ಕೇಳಿ ತೀರ್ಪು ಕೊಡುತ್ತಾರೆ, ಮತ್ತೆ ಮುಕ್ತಾ ಟೈಪ್ ಮಾಡುತ್ತಾಳೆ. ಸಂಬಳ ಮಾತ್ರ ಒಂದು ಕೆಲಸದ್ದೇ ಉಳಿಯಿತು. ಇದನ್ನು ಅವಳು ಯಾವತ್ತೂ ಎತ್ತಿ ಆಡಲಿಲ್ಲ.

ಮುಕ್ತಾ ಕುಂದಾಪುರದ ಕಡೆಯವಳು, ತುಳು ಬಾರದು. ಹಾಗಾಗಿ ಆ ಕೋಣೆಯ ಮಾತೆಲ್ಲ ಕನ್ನಡದಲ್ಲೇ. ಹಗಲು ಒಬ್ಬರ ಮನೆಯ ಮಗು ನೋಡಿಕೊಂಡು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಬಿ.ಎ. ಮಾಡಿ, ಇಲ್ಲಿಯ ಒಂದು ಕನ್ನಡ ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಕೆಲಸ ಹಿಡಿದಿದ್ದಳು. ಪತ್ರಿಕೆ ಮುಚ್ಚುವವರೆಗೆ ಅಲ್ಲೇ ಇದ್ದಳು. ಅಲ್ಲಿಯ ಹಿರಿಯ ಸಂಪಾದಕರೊಬ್ಬರು ಅವಳಿಗೆ ಕಲಿಸಿದ್ದು ಒಂದೇ ಪಾಠ: ಸುದ್ದಿಯ ಮೈಮೇಲಿನ ಕೊಬ್ಬು ತೆಗೆ, ಎಲುಬು ಉಳಿಸು. ಮಂತ್ರಿ ಅರ್ಧ ಗಂಟೆ ಮಾತಾಡಿದ್ದನ್ನು ಮುಕ್ತಾ ನಾಲ್ಕು ಸಾಲಿಗೆ ಇಳಿಸುತ್ತಿದ್ದಳು, ಮಂತ್ರಿಗೇ ತಾನೇನು ಹೇಳಿದೆ ಎಂದು ಆಗ ಗೊತ್ತಾಗುತ್ತಿತ್ತು. ಅವಳ ಕನ್ನಡ ಒಗೆದು ಒಣಗಿಸಿ ಇಸ್ತ್ರಿ ಹಾಕಿದಂತೆ ಇರುತ್ತಿತ್ತು. ಬಂಗೇರರಿಗೂ ಅದೇ ಹಿಡಿಸಿದ್ದು.

ಕಂಪನಿಗಳು ಮೂರು ತಿಂಗಳಿಗೊಮ್ಮೆ ಫಲಿತಾಂಶ ಪ್ರಕಟಿಸಿದ ಮೇಲೆ ಫೋನಿನಲ್ಲಿ ಒಂದು ಸಭೆ ಮಾಡುತ್ತವೆ, ಕಾನ್‌ಕಾಲ್ ಎನ್ನುತ್ತಾರೆ. ಮೊದಲು ಯಜಮಾನರು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಾರೆ, ಆಮೇಲೆ ದೊಡ್ಡ ಫಂಡುಗಳ ವಿಶ್ಲೇಷಕರು ಪ್ರಶ್ನೆ ಕೇಳುತ್ತಾರೆ. ಅದರ ಧ್ವನಿಮುದ್ರಣ ಒಂದೆರಡು ದಿನದಲ್ಲಿ, ಬರಹರೂಪ ವಾರದೊಳಗೆ ಷೇರುಪೇಟೆಯ ಜಾಲತಾಣಕ್ಕೆ ಬರುತ್ತದೆ. ಬಂಗೇರರ ಕೋಣೆಯಲ್ಲಿ ಕೆಲಸ ಶುರುವಾಗುವುದು ಆ ಬರಹ ಬಂದ ಮೇಲೆ.

ಫೆಬ್ರುವರಿಯ ಆ ಮಂಗಳವಾರ ಬಂದದ್ದು ಶೀತಕಿರಣ ಕಂಪನಿಯದು. ಹೋಟೆಲು, ಅಂಗಡಿಗಳ ಗಾಜಿನ ಬಾಗಿಲಿನ ಫ್ರಿಜ್ಜು ಮಾಡುವವರು. ಬಂಗೇರರ ಗಿರಾಕಿಗಳಲ್ಲಿ ಅರ್ಧ ಜನ ಅದೇ ಫ್ರಿಜ್ಜಿನಲ್ಲಿ ಮೊಸರು ಇಟ್ಟು ಬದುಕಿದವರು, ಹಾಗಾಗಿ ಆ ಷೇರಿನ ಮೇಲೆ ಒಂಥರಾ ಮನೆಯ ಮಮತೆ. ಅವತ್ತು ಬೆಳಿಗ್ಗೆಯಿಂದ ಬಾಗಿಲ ಪಕ್ಕದ ಕುರ್ಚಿಯಲ್ಲಿ ಹಳೆಯ ಗಿರಾಕಿ ಗುಲಾಬಿ ಶೆಡ್ತಿ ಕೂತಿದ್ದರು, ಮಡಿಲಲ್ಲಿ ಬಂಗುಡೆ ಮೀನಿನ ಸಾರಿನ ಡಬ್ಬಿ. ಗಂಡ ತೀರಿದ ಮೇಲೆ ಘಾಟ್ಕೋಪರಿನ ಲಂಚ್ ಹೋಮ್ ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ಮಕ್ಕಳಿಲ್ಲ. ಅದರಲ್ಲಿ ಮುಕ್ಕಾಲು ಪಾಲನ್ನು ಶೀತಕಿರಣದಲ್ಲಿ ಹಾಕಬೇಕೆಂಬುದು ಅವರ ಹಟ. ಬಂಗೇರರು ಹೂಂ ಅಂದರೆ ನಾಳೆ ಪೇಟೆ ತೆರೆದ ಕೂಡಲೇ ಕೊಳ್ಳುವುದು.

"ನಮ್ಮ ಫ್ರಿಜ್ಜು ಹದಿನಾರು ವರ್ಷ ಒಂದು ದಿನ ಕೆಟ್ಟದ್ದಿಲ್ಲ ಮಾರಾಯ್ರೆ. ಗಂಡ ಕೆಟ್ಟರು, ಫ್ರಿಜ್ಜು ಕೆಡಲಿಲ್ಲ. ಅದಕ್ಕಿಂತ ಎಂತ ವಿಶ್ಲೇಷಣೆ ಬೇಕು ನಿಮಗೆ?" ಎಂದರು ಗುಲಾಬಿ.

"ಫ್ರಿಜ್ಜು ಒಳ್ಳೇದೇ ಶೆಡ್ತಿ. ಮಾರಿದ ಫ್ರಿಜ್ಜಿನ ದುಡ್ಡು ಬಂತೋ ಅಂತ ನಾನು ಕೇಳೂದು" ಎಂದರು ಬಂಗೇರರು.

ಅವರ ಅನುಮಾನ ಅಲ್ಲೇ ಇತ್ತು. ಮಾರಾಟ ಏರುತ್ತಿತ್ತು, ಲಾಭವೂ ಏರುತ್ತಿತ್ತು. ಆದರೆ ಸೆಪ್ಟೆಂಬರ್ ಕೊನೆಯ ಆಸ್ತಿ-ಹೊಣೆ ಪಟ್ಟಿಯಲ್ಲಿ, ಅಂದರೆ ಬ್ಯಾಲೆನ್ಸ್ ಶೀಟಿನಲ್ಲಿ, ಡೀಲರುಗಳಿಂದ ಬರಬೇಕಾದ ಬಾಕಿ ಮಾರಾಟಕ್ಕಿಂತ ಜೋರಾಗಿ ಏರಿತ್ತು. ಮಾಲು ಗಿರಾಕಿಗೆ ಹೋಗದೆ ಡೀಲರ ಗೋದಾಮಿನಲ್ಲಿ ಕೂತು, ಕಂಪನಿ ಮಾತ್ರ ಮಾರಾಟ ಎಂದು ಬರೆದುಕೊಳ್ಳುತ್ತಿದ್ದರೆ ಹೀಗಾಗುತ್ತದೆ. ನವೆಂಬರಿನ ಕಾಲ್‌ನಲ್ಲಿ ಇದನ್ನೇ ಕೇಳಿದಾಗ ಹಣಕಾಸು ಅಧಿಕಾರಿ ಖಡಾಖಂಡಿತ ಹೇಳಿದ್ದ: ಈಗ ತೊಂಬತ್ತೈದು ದಿನದ ಮಾರಾಟದಷ್ಟು ಬಾಕಿ ಇದೆ, ಮಾರ್ಚಿನೊಳಗೆ ಎಪ್ಪತ್ತಕ್ಕೆ ಇಳಿಸುತ್ತೇವೆ. ಡಿಸೆಂಬರಿಗೆ ಎಷ್ಟಾಗಿದೆ? ಅಲ್ಲೇ ತೊಡಕು. ಆಸ್ತಿ-ಹೊಣೆ ಪಟ್ಟಿ ಬರುವುದು ಆರು ತಿಂಗಳಿಗೊಮ್ಮೆ, ಡಿಸೆಂಬರಿನ ಫಲಿತಾಂಶದಲ್ಲಿ ಇರುವುದಿಲ್ಲ. ಮುಂದಿನದು ನೋಡಲು ಮೇ ತಿಂಗಳವರೆಗೆ ಕಾಯಬೇಕು. ಬಂಗೇರರ ಕೈಯಲ್ಲಿದ್ದ ಅಂಕಿಗಳು ಅಲ್ಲಿಗೆ ಮೂಕವಾಗಿದ್ದವು. ಇನ್ನು ಮಾತನ್ನೇ ನಂಬಬೇಕು, ಮಾತು ಇಂಗ್ಲಿಷಿನಲ್ಲಿತ್ತು.

ಮುಕ್ತಾ ಓದಿದಳು. ಒಂದು ಫಂಡಿನ ಹೆಂಗಸು ಕೇಳಬೇಕಾದ್ದನ್ನೇ ಕೇಳಿದ್ದಳು. ಉತ್ತರ ಅರ್ಧ ಪುಟ ಇತ್ತು. ಮುಕ್ತಾ ಎರಡು ಸಲ ಕಣ್ಣಾಡಿಸಿ, ಎಂದಿನಂತೆ ಒಗೆದು ಒಣಗಿಸಿ ಹೇಳಿದಳು: "ಬೇಸಿಗೆಗೆ ಮುಂಚೆ ಬಾಕಿ ಏರುವುದು ಸಹಜ. ಈಗಿನ ಸ್ಥಿತಿಯ ಬಗ್ಗೆ ಕಂಪನಿಗೆ ಸಮಾಧಾನವಿದೆ. ಮಾರ್ಚ್ ಹೊತ್ತಿಗೆ ಹದಕ್ಕೆ ಬರಲಿದೆ."

ಬಂಗೇರರು ಕಣ್ಣು ಮುಚ್ಚಿ ಕೇಳಿದರು. ಹಣೆಯ ಗೆರೆ ಸಡಿಲವಾಯಿತು. "ಹಾಗಾದ್ರೆ ಸರಿ. ಬರಿ, ಕೊಳ್ಳಬಹುದು."

"ನಾನು ಎಂತ ಹೇಳಿದ್ದೆ?" ಎಂದು ಗುಲಾಬಿ ಶೆಡ್ತಿ ಡಬ್ಬಿಯನ್ನು ಮಡಿಲಿನಿಂದ ಮೇಜಿಗೆ ದಾಟಿಸಿದರು. ಅಷ್ಟು ಹೊತ್ತು ಅದನ್ನು ಒತ್ತೆ ಇಟ್ಟುಕೊಂಡಿದ್ದರೆಂದು ಆಗ ಗೊತ್ತಾಯಿತು.

ಊಟವಾಯಿತು. ಶೆಡ್ತಿ ಕುರ್ಚಿಯಲ್ಲೇ ತೂಕಡಿಸಿದರು. ಮುಕ್ತಾ ಟಿಪ್ಪಣಿ ಟೈಪ್ ಮಾಡುತ್ತಿದ್ದಳು. ಹೊಸ ಕಾರ್ಖಾನೆಯ ಊರಿನ ಹೆಸರು ಬರಹದಲ್ಲಿ ಎರಡು ರೀತಿ ಇತ್ತು, ಯಾವುದು ಸರಿ ಎಂದು ನೋಡಲು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಧ್ವನಿಮುದ್ರಣ ಹಾಕಿದಳು. ಊರಿನ ಹೆಸರು ಸಿಕ್ಕಿತು. ನಿಲ್ಲಿಸುವಷ್ಟರಲ್ಲಿ ಆ ಫಂಡಿನ ಹೆಂಗಸಿನ ಧ್ವನಿ ಶುರುವಾಯಿತು. ಸುಮ್ಮನೆ ಕೇಳುತ್ತ ಕೂತಳು.

ಪ್ರಶ್ನೆ ಮುಗಿಯಿತು. ಆಮೇಲೆ ಏನೂ ಇಲ್ಲ. ನೆಟ್ ನಿಂತಿತೇನೋ ಎಂದು ಮುಕ್ತಾ ಪರದೆ ನೋಡಿದಳು, ಓಡುತ್ತಲೇ ಇತ್ತು. ಯಾರೋ ಕುರ್ಚಿ ಸರಿಸಿದ ಸದ್ದು, ಯಾರದೋ ಪಿಸುಮಾತು. ಹಣಕಾಸು ಅಧಿಕಾರಿ "ಹಾಂ, ಅದು..." ಎಂದು ಬಾಯಿ ತೆರೆದ. ಆಗ ಇನ್ನೊಂದು ಧ್ವನಿ, ಆಡಳಿತ ನಿರ್ದೇಶಕನದು, ಅದನ್ನು ನಾನು ಹೇಳುತ್ತೇನೆ ಎಂದು ನಡುವೆ ಬಂತು. ಬರಹದಲ್ಲಿ ಈ ಮೌನ ಇರಲಿಲ್ಲ, ಅಧಿಕಾರಿಯ ಅರ್ಧ ಮಾತೂ ಇರಲಿಲ್ಲ. ಓದಲು ಅನುಕೂಲವಾಗಲೆಂದು ಅಲ್ಪ ತಿದ್ದುಪಡಿ ಮಾಡಿದೆ ಎಂದು ಮೊದಲ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದ್ದರು. ಎಲ್ಲ ಕಂಪನಿಯೂ ಹಾಕುತ್ತದೆ.

ಮುಕ್ತಾ ಧ್ವನಿಮುದ್ರಣ ನಿಲ್ಲಿಸಿದಳು. ಬರಹವನ್ನು ಮತ್ತೆ ತೆಗೆದು ಒಂದೊಂದೇ ಸಾಲು ಓದಿದಳು. ಕೇಳಿದ್ದು ಒಂದು ಅಂಕಿ. ಅರ್ಧ ಪುಟದಲ್ಲಿ ಒಂದೂ ಅಂಕಿ ಇರಲಿಲ್ಲ. ಅವಳು ಕೊಬ್ಬೆಂದು ತೆಗೆದು ಬಿಸಾಡಿದ್ದೆಲ್ಲ ಅಲ್ಲಿತ್ತು: ಒಟ್ಟಾರೆಯಾಗಿ, ಬಹುಮಟ್ಟಿಗೆ, ಈ ಹಂತದಲ್ಲಿ, ಪರಿಸ್ಥಿತಿ ಹೀಗೇ ಇದ್ದರೆ. ಬರಬೇಕು ಎಂದು ನಿರ್ದೇಶಕ ಆಸೆಪಟ್ಟದ್ದನ್ನು ಅವಳು ಬರಲಿದೆ ಎಂದು ಮಾತು ಕೊಟ್ಟುಬಿಟ್ಟಿದ್ದಳು. ನುಣುಚಿಕೊಂಡವನ ಕೈಗೆ ತಾನೇ ಒಂದು ಪ್ರಮಾಣಪತ್ರ ಬರೆದುಕೊಟ್ಟ ಹಾಗಾಯಿತಲ್ಲ!

ಹೇಳಬೇಕು. ಹೇಳಿದರೆ? ನಿನ್ನ ಕಿವಿಯನ್ನು ನಂಬಿ ಕೂತಿದ್ದೆನಲ್ಲ ಎಂದು ಬಂಗೇರಣ್ಣ ಕೇಳಿದರೆ? ಡೊಂಬಿವಲಿಯಿಂದ ದಿನಾ ಲೋಕಲ್ ರೈಲಿನಲ್ಲಿ ಜೋತಾಡಿ ಬರುವ ಐವತ್ತು ದಾಟಿದ ಹೆಂಗಸಿಗೆ ಕನ್ನಡದ ಕೆಲಸ ಕೊಡುವವರು ಈ ಊರಿನಲ್ಲಿ ಇನ್ನು ಯಾರಿದ್ದಾರೆ? ಅದೂ ಅಲ್ಲದೆ, ದೊಡ್ಡ ಜನ ಮಾತಾಡುವುದೇ ಹಾಗೆ, ನೀನ್ಯಾವ ಊರಿನ ಪಂಡಿತೆ ಎಂದು ಮನಸ್ಸಿನ ಒಂದು ಮೂಲೆ ಸಮಾಧಾನವನ್ನೂ ಹೇಳಿತು. ಆ ಸಮಾಧಾನ ಅವಳಿಗೆ ಬಹಳ ಹಿತವಾಗಿತ್ತು. ಕಳುಹಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಎದುರಿಗೆ ಗುಲಾಬಿ ಶೆಡ್ತಿ ಬಾಯಿ ತೆರೆದು ನಿದ್ದೆ ಹೋಗಿದ್ದರು, ಕೈಚೀಲವನ್ನು ಮಾತ್ರ ನಿದ್ದೆಯಲ್ಲೂ ಬಿಟ್ಟಿರಲಿಲ್ಲ. ಮುಕ್ತಾ ಬೆರಳು ತೆಗೆದಳು.

"ಅಣ್ಣ, ಆ ಬಾಕಿಯ ಉತ್ತರ ಇನ್ನೊಂದು ಸಲ ಕೇಳ್ತೀರಾ? ಪೂರ್ತಿ ಹೇಳ್ತೆ. ಸೋಸುದಿಲ್ಲ, ಅಂವ ಹ್ಯಾಂಗೆ ಹೇಳಿದ್ನೋ ಹಾಂಗೇ."

ಬಂಗೇರರು ಹುಬ್ಬೇರಿಸಿದರು. "ಸೋಸುದಿಲ್ಲ ಅಂದ್ರೆ ಎಂತ? ಸರಿ, ಹೇಳು."

ಮುಕ್ತಾ ಪತ್ರಿಕೆಯ ಕನ್ನಡವನ್ನು ಬದಿಗಿಟ್ಟು, ಮನೆಯಲ್ಲಿ ಕೂತು ಮಾತಾಡುವವರ ಹಾಗೆ ಹೇಳತೊಡಗಿದಳು. ಮೊದಲು ಸುಮ್ಮನಿದ್ದಳು. ಅಲ್ಲಿ ಎಷ್ಟು ಹೊತ್ತು ಮೌನವಿತ್ತೋ ಅಷ್ಟು ಹೊತ್ತು ಸುಮ್ಮನಿದ್ದಳು. ಬಂಗೇರರು ಕಣ್ಣು ತೆರೆದು, "ಎಂತ ಆಯ್ತು?" ಎಂದರು.

"ಅಂವ ಸುಮ್ನಿದ್ದ ಅಣ್ಣ. ಈಗ ಹಣಕಾಸಿನವ ಬಾಯಿ ತೆಗ್ದ, ಯಜಮಾನ ಅವನನ್ನ ತಡ್ದ. ಈಗ ಯಜಮಾನ ಹೇಳ್ತಾನೆ: ಒಳ್ಳೆ ಪ್ರಶ್ನೆ ಕೇಳಿದ್ರಿ, ಥ್ಯಾಂಕ್ಸ್. ನೋಡಿ, ನಿಮಗೇ ಗೊತ್ತುಂಟಲ್ಲ, ನಮ್ಮದು ಬೇಸಿಗೆ ವ್ಯಾಪಾರ. ಬೇಸಿಗೆಗೆ ಮುಂಚೆ ಡೀಲರು ಮಾಲು ತುಂಬಿಸಿಕೊಳ್ಳೂದು ಇದ್ದದ್ದೇ. ಆ ಲೆಕ್ಕದಲ್ಲಿ ನೋಡಿದ್ರೆ, ಒಟ್ಟಾರೆ ಹೇಳೂದಾದ್ರೆ, ನಾವು ಈಗ ಎಲ್ಲಿದ್ದೇವೋ ಅದರ ಬಗ್ಗೆ ನಮಗೆ ಸಮಾಧಾನ ಉಂಟು. ದಿಕ್ಕು ಸರಿ ಉಂಟು ಅಂತ ಹೇಳಬಹುದು."

"ಎಷ್ಟು ಅಂದ?"

"ತಡೀರಿ. ಈ ಹಂತದಲ್ಲಿ ಒಂದು ಸಂಖ್ಯೆ ಹೇಳೂದು ನನಗೆ ಇಷ್ಟ ಇಲ್ಲ. ಮಾರ್ಚ್ ಹೊತ್ತಿಗೆ ಬಹುಮಟ್ಟಿಗೆ ಹದಕ್ಕೆ ಬರಬೇಕು, ಮಾರುಕಟ್ಟೆ ಈಗಿನ ಹಾಗೇ ಇದ್ರೆ. ಉಳಿದದ್ದು ಬೇಕಾದ್ರೆ ಕಾಲ್ ಮುಗಿದ ಮೇಲೆ ನಮ್ಮವರ ಹತ್ರ ಬೇರೆ ಮಾತಾಡಿ."

"ಆಮೇಲೆ?"

"ಆಮೇಲೆ ಎಂತ ಇಲ್ಲ. ಮುಂದಿನ ಪ್ರಶ್ನೆ."

ಯಾವಾಗ ಎಚ್ಚರವಾಯಿತೋ, ಗುಲಾಬಿ ಶೆಡ್ತಿಯೇ ಮೊದಲು ಬಾಯಿ ತೆರೆದರು. "ಸಮಾಧಾನ ಉಂಟು ಅಂದನಲ್ಲ! ಅವನಿಗೇ ಸಮಾಧಾನ ಉಂಟಂತೆ, ನಿಮಗೆಂತ ಹೊಟ್ಟೆನೋವು?"

"ಶೆಡ್ತಿ, ಹುಡುಗನಿಗೆ ಸಂಬಳ ಎಷ್ಟು ಅಂತ ಕೇಳಿದ್ದಕ್ಕೆ, ಮನೆತನ ಒಳ್ಳೇದು, ಹುಡುಗ ಒಳ್ಳೆ ದಾರಿಯಲ್ಲಿದ್ದಾನೆ, ಉಳಿದದ್ದು ಮದುವೆ ಆದ ಮೇಲೆ ಮಾತಾಡುವ ಅಂದ್ರೆ ನೀವು ಹೆಣ್ಣು ಕೊಡ್ತೀರಾ?" ಬಂಗೇರರ ಧ್ವನಿ ಏರಿತ್ತು. "ನವೆಂಬರಿನಲ್ಲಿ ಎಪ್ಪತ್ತು ದಿನ ಅಂತ ಬಾಯಿಬಿಟ್ಟು ಹೇಳಿದವರಿಗೆ ಈಗ ಸಂಖ್ಯೆ ಹೇಳಲಿಕ್ಕೆ ಇಷ್ಟ ಇಲ್ಲವಂತೆ. ಕಮ್ಮಿ ಆಗಿದ್ರೆ ಡಂಗುರ ಹೊಡೀತಿದ್ರು. ಮುಕ್ತಾ, ಅದನ್ನ ಅಳಿಸು. ಬರಿ: ಡಿಸೆಂಬರಿನ ಬಾಕಿ ಎಷ್ಟು ಅಂತ ಕೇಳಿದ್ದಕ್ಕೆ ಕಂಪನಿ ಉತ್ತರ ಕೊಡಲಿಲ್ಲ. ಹೋದ ಸಲದ ಎಪ್ಪತ್ತರ ಮಾತನ್ನು ಈ ಸಲ ಎತ್ತಲಿಲ್ಲ. ಮೇ ತಿಂಗಳ ಪಟ್ಟಿ ನೋಡುವವರೆಗೆ ಹೊಸತು ಕೊಳ್ಳಬೇಡಿ."

ಶೆಡ್ತಿ ಎದ್ದರು. ಡಬ್ಬಿಯಲ್ಲಿ ಇನ್ನೂ ಸಾರು ಉಳಿದಿತ್ತು, ಮುಚ್ಚಳ ಹಾಕಿ ಎತ್ತಿಕೊಂಡೇ ಹೋದರು.

ಟಿಪ್ಪಣಿ ಹೋಯಿತು. ನಿಜವಾದ ಯಾತನೆ ಆಮೇಲೆ ಶುರುವಾಯಿತು. ಈ ಸಲ ಬೇಸಿಗೆ ಜೋರು ಎಂದು ಹವಾಮಾನದವರು ಹೇಳಿದ್ದೇ ತಡ, ಶೀತಕಿರಣದ ಷೇರು ಏರತೊಡಗಿತು. ಮಾರ್ಚಿನಲ್ಲಿ ಏರಿತು, ಏಪ್ರಿಲಿನಲ್ಲಿ ಇನ್ನೂ ಏರಿತು. ಗುಲಾಬಿ ಶೆಡ್ತಿ ದಿನಾ ಬೆಳಿಗ್ಗೆ ಫೋನು ಮಾಡಿ, "ಮುಕ್ತಾ, ಇವತ್ತಿನ ಬೆಲೆ ನೋಡಿದೆಯಾ? ನಿನ್ನ ಸೋಸದ ಮಾತಿಗೆ ನನಗೆ ಎಷ್ಟು ನಷ್ಟ ಅಂತ ಲೆಕ್ಕ ಹಾಕಿ ಹೇಳು, ನೀವು ಲೆಕ್ಕದವರಲ್ಲವಾ" ಎನ್ನುತ್ತಿದ್ದರು. ಬಂಗುಡೆ ಸಾರು ನಿಂತುಹೋಯಿತು. ಬೇರೆ ಇಬ್ಬರು ಗಿರಾಕಿಗಳು ಚಂದಾ ನಿಲ್ಲಿಸಿದರು. ಬಂಗೇರರು ಪರದೆಯ ಮೇಲೆ ಆ ಬೆಲೆ ಹಸಿರಾಗಿ ಮಿಂಚಿದಾಗಲೆಲ್ಲ ಕಿಟಕಿಯತ್ತ ತಿರುಗುತ್ತಿದ್ದರು.

ಮುಕ್ತಾಳಿಗೆ ಲೋಕಲ್ಲಿನಲ್ಲಿ ನಿಂತಾಗ, ಅನ್ನಕ್ಕೆ ನೀರಿಟ್ಟಾಗ, ಎಲ್ಲೆಲ್ಲೂ ಅದೇ ಮೌನ ಕಿವಿಯಲ್ಲಿ ಕೇಳುತ್ತಿತ್ತು. ಆ ಅಧಿಕಾರಿ ಉತ್ತರಕ್ಕೆ ಮುಂಚೆ ಬರೀ ನೀರು ಕುಡಿದಿದ್ದರೆ? ಒಂದು ಕೆಮ್ಮನ್ನು ತಾನು ಕಳ್ಳತನ ಎಂದು ಓದಿದ್ದರೆ? ಆದರೆ ಅವಳ ನಿಜವಾದ ಭಯ ಅದಾಗಿರಲಿಲ್ಲ. ಸೋಸುವುದಿಲ್ಲ ಎಂಬ ಮಾತು ಅವತ್ತು ಅವಳ ಬಾಯಿಂದಲೇ ಬಂದಿತ್ತು. ಅಂದರೆ ಅದಕ್ಕೆ ಮೊದಲು? ಬಂಗೇರರಂಥ ಮನುಷ್ಯ ಆ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಇವತ್ತು ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು ಕಾದಳು. ಅವರು ಕೇಳಲಿಲ್ಲ. ಕೇಳದೇ ಇದ್ದದ್ದು ಇನ್ನೂ ಕಷ್ಟವಾಯಿತು.

ಮೇ ತಿಂಗಳ ಕೊನೆಗೆ ಪಟ್ಟಿ ಬಂತು. ಅಂಕಿಗಳಿಗೆ ಮುಕ್ತಾಳ ಸಹಾಯ ಬೇಕಿರಲಿಲ್ಲ. ಬಂಗೇರರು ಎಡಗೈಯ ಬೆರಳನ್ನು ಸಾಲಿನ ಮೇಲೆ ಜಾರಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು. ಬಾಕಿ ಎಪ್ಪತ್ತು ದಿನಕ್ಕೆ ಇಳಿದಿರಲಿಲ್ಲ, ನೂರಮೂವತ್ತು ದಾಟಿತ್ತು. ಅದರಲ್ಲಿ ಒಂದು ಪಾಲು ವಸೂಲಾಗದು ಎಂದು ಕಂಪನಿಯೇ ಬರೆದುಕೊಂಡಿತ್ತು. ಮರುದಿನ ಪೇಟೆ ತೆರೆದಾಗ ಶೀತಕಿರಣ ಮಾರುವವರಿದ್ದರು, ಕೊಳ್ಳುವವರು ಇರಲಿಲ್ಲ. ಅದರ ಮರುದಿನವೂ ಅಷ್ಟೇ.

ಮೂರನೆಯ ದಿನ ಗುಲಾಬಿ ಶೆಡ್ತಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು, ಲಿಫ್ಟು ಕೆಟ್ಟಿತ್ತು. ಈ ಸಲ ಎರಡು ಡಬ್ಬಿ, ಒಂದರಲ್ಲಿ ಕೋಳಿ ಸುಕ್ಕ, ಇನ್ನೊಂದರಲ್ಲಿ ನೀರುದೋಸೆ. ಅವನ್ನು ಮೇಜಿನ ಮೇಲಿಟ್ಟು ಮುಕ್ತಾಳ ಎರಡೂ ಕೈ ಹಿಡಿದುಕೊಂಡರು.

"ನನ್ನ ಗಂಡನ ಇಡೀ ಜೀವದ ದುಡಿಮೆ ಮಾರಾಯ್ತಿ. ನೀನು ಅವತ್ತು ಬಾಯಿ ಬಿಡದಿದ್ರೆ ನಾನು ಇವತ್ತು ಬೀದಿಯಲ್ಲಿ. ನಾನು ನಿನಗೆ ಎಂತೆಲ್ಲ ಅಂದೆ!" ಶೆಡ್ತಿ ಅತ್ತೇಬಿಟ್ಟರು. "ಬಂಗೇರರೇ, ಇವಳಿಗೆ ಸಂಬಳ ಜಾಸ್ತಿ ಮಾಡಿ. ಇಂಥ ಕಿವಿ ಎಲ್ಲಿ ಸಿಗ್ತದೆ ನಿಮಗೆ?"

ಮುಕ್ತಾಳಿಗೂ ಕಣ್ಣು ತುಂಬಿತು. ಮೂರು ತಿಂಗಳಿಂದ ಎದೆಯ ಮೇಲೆ ಕೂತಿದ್ದುದು ಇಳಿಯಿತು ಅನಿಸಿತು. ಶೆಡ್ತಿ ತಟ್ಟೆ ಹುಡುಕಲು ಒಳಗೆ ಹೋದರು. ಬಂಗೇರರು ಕಿಟಕಿಯತ್ತ ನೋಡುತ್ತಲೇ ಇದ್ದರು.

"ಮುಕ್ತಾ, ಸೋಸಿದ್ದು ಅದೊಂದನ್ನೇಯಾ?"

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಡಿಸೆಂಬರಿಗೆ ಬಾಕಿ ಎಷ್ಟು ಎಂದು ಕೇಳಿದ ಹಾಗೆ ಕೇಳಿದ್ದರು.

ಬಂಗೇರರಿಗೆ ಇಂಗ್ಲಿಷ್ ಹೋದಂದಿನಿಂದ ಮುಕ್ತಾಳೇ ಓದಿ ಹೇಳುತ್ತ ಬಂದಿದ್ದಳು. ಆ ಒಂದೂವರೆ ವರ್ಷದ ಟಿಪ್ಪಣಿಗಳು ಅವಳ ಕಣ್ಣ ಮುಂದೆ ಬಂದವು. ಔಷಧ ಕಂಪನಿ, ಬಣ್ಣದ ಕಂಪನಿ, ಆ ಟೈರಿನವರು. ಎಲ್ಲ ಚೊಕ್ಕ, ಎಲ್ಲ ಇಸ್ತ್ರಿ ಹಾಕಿದ್ದು. ಅವನ್ನು ನಂಬಿ ಯಾರು ಯಾರು ಏನೇನು ಕೊಂಡು ಕೂತಿದ್ದಾರೋ.

"ಒಳ್ಳೇದು ಕೇಳಿದ್ರಿ ಅಣ್ಣ," ಎಂದಳು. "ನೋಡಿ, ನಿಮಗೇ ಗೊತ್ತುಂಟಲ್ಲ, ಪತ್ರಿಕೆಯಲ್ಲಿ ಕಲಿತ ಅಭ್ಯಾಸ. ಒಟ್ಟಾರೆ ಹೇಳೂದಾದ್ರೆ, ಹೆಚ್ಚಿನದ್ದೆಲ್ಲ ಸರಿಯೇ ಇರಬೇಕು..."

ಅಲ್ಲಿಗೆ ಅವಳ ಮಾತು ನಿಂತಿತು. ಅದು ಯಾರ ಮಾತೆಂದು ಅವಳಿಗೆ ಗುರುತು ಸಿಕ್ಕಿತ್ತು. ಬಂಗೇರರಿಗೂ ಸಿಕ್ಕಿತ್ತು, ಅವರು ಕಿಟಕಿಯಿಂದ ತಿರುಗಿ ಅವಳನ್ನೇ ನೋಡುತ್ತಿದ್ದರು. ಒಳಗೆ ಶೆಡ್ತಿ ತಟ್ಟೆ ತೊಳೆಯುವ ಸದ್ದು ಕೇಳುತ್ತಿತ್ತು.

"ಇಲ್ಲ ಅಣ್ಣ," ಎಂದಳು ಮುಕ್ತಾ. "ಎಲ್ಲಾನೂ ಸೋಸಿದ್ದೇನೆ."

ಬಂಗೇರರು ಎಡಗಾಲಿನಿಂದ ಎದುರಿನ ಕುರ್ಚಿಯನ್ನು ಅವಳತ್ತ ತಳ್ಳಿದರು.

"ಊಟ ಮಾಡುವ. ಆಮೇಲೆ ಮೊದಲನೇ ಕಾಲ್‌ನಿಂದ ತೆಗಿ, ಧ್ವನಿ ಸಮೇತ. ನಿಧಾನ ಓದು, ಅವರು ಸುಮ್ಮನಿದ್ದಲ್ಲಿ ನೀನೂ ಸುಮ್ಮನಿರು."